ಹಸಿರು ದೀಪ ಹೇಳದ ಸಂಖ್ಯೆ

ಆಟದ ನಡುವೆ ಎದುರಾಳಿ ನಿಂತಲ್ಲಿಂದ ಮಾಯವಾಗಿ ಇನ್ನೆಲ್ಲೋ ಕಾಣಿಸಿಕೊಳ್ಳುತ್ತಾನೆ. ಓಡುತ್ತಿದ್ದ ನಮ್ಮ ಆಟಗಾರ ಯಾರೋ ಹಿಂದಕ್ಕೆ ಎಳೆದಂತೆ ನಾಲ್ಕು ಹೆಜ್ಜೆ ಹಿಂದೆ ಬಂದು ನಿಲ್ಲುತ್ತಾನೆ. ಪರದೆಯ ಮೂಲೆಯಲ್ಲಿ ಪಿಂಗ್ ಎಂದಿನಂತೆಯೇ ಇದೆ. ಪ್ಯಾಕೆಟ್ ಲಾಸ್ ಎಂಬಲ್ಲಿ ಮಾತ್ರ ನಿನ್ನೆಯವರೆಗೆ ಸೊನ್ನೆ ಇದ್ದದ್ದು ಇಂದು ಒಂದು, ಎರಡು, ಮೂರು ಎಂದು ಏರಿಳಿಯುತ್ತಿದೆ. ಅದೇ ಹೊತ್ತಿಗೆ ಪಡಸಾಲೆಯ ಟಿವಿಯಲ್ಲಿ ಯೂಟ್ಯೂಬ್ ಎಲ್ಲೂ ನಿಲ್ಲದೆ ಓಡುತ್ತಿರುತ್ತದೆ. ಹಾನಗಲ್ಲಿರಲಿ, ಸವಣೂರಿರಲಿ, ಫೈಬರ್ ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: "ಮೋಡೆಮ್‌ದಾಗ ಕೆಂಪು ಲೈಟ್ ಬರಾಕತ್ತೈತೇನ್ರಿ?" ಇಲ್ಲ ಅಂದರೆ ಉತ್ತರವೂ ಸಿದ್ಧ: "ಹಂಗಾರ ನಮ್ಮ ಕಡಿಂದ ಎಲ್ಲಾ ಸರಿ ಐತ್ರಿ, ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ."

ದೀಪವನ್ನು ಕೇಳುವುದು ಸರಿಯೇ. ಅಲ್ಲಿಗೇ ವಿಚಾರಣೆ ಮುಗಿಸುವುದು ಸರಿಯಲ್ಲ. ಮೋಡೆಮಿನ ದೀಪಗಳು ಹೇಳುವುದು ಹೌದು ಅಥವಾ ಇಲ್ಲ, ಇವೆರಡೇ. ಆಟ ಕೆಡುವ ತೊಂದರೆ ಬಹಳ ಸಲ ಈ ಎರಡರ ನಡುವಿನ ಕಿರಿದಾದ ಜಾಗದಲ್ಲಿ ಇರುತ್ತದೆ. ಆ ಜಾಗವನ್ನು ತೋರಿಸುವ ಸಂಖ್ಯೆಯೊಂದು ಅದೇ ಮೋಡೆಮಿನ ಒಳಗೆ ಇದೆ, ಯಾರು ಬೇಕಾದರೂ ನೋಡಬಹುದು.

ಮೊದಲು ದೀಪಗಳನ್ನೇ ನೋಡೋಣ. ಕಂಪನಿಯಿಂದ ಕಂಪನಿಗೆ ಕ್ರಮ ಬದಲಾದರೂ PON, LOS, INTERNET ಎಂಬ ಮೂರು ಹೆಸರು ಹೆಚ್ಚುಕಡಿಮೆ ಎಲ್ಲ ಮೋಡೆಮುಗಳ ಮೇಲೆ ಇರುತ್ತವೆ. PON ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದರೆ ನಿಮ್ಮ ಮೋಡೆಮು ಊರಿನ ಮುಖ್ಯ ಪೆಟ್ಟಿಗೆಯ ಬಳಿ ಹೆಸರು ನೋಂದಾಯಿಸಿಕೊಂಡಿದೆ ಎಂದರ್ಥ. ಮಿನುಗುತ್ತಿದ್ದರೆ ಇನ್ನೂ ನೋಂದಣಿಯ ಪ್ರಯತ್ನದಲ್ಲಿದೆ. LOS ಸಾಮಾನ್ಯವಾಗಿ ಆರಿಯೇ ಇರಬೇಕು. ಬೆಳಕು ಬರುವುದು ನಿಂತರೆ, ಇಲ್ಲವೇ ಮೋಡೆಮು ಓದಲಾರದಷ್ಟು ಮಂದವಾದರೆ ಅದು ಕೆಂಪಾಗುತ್ತದೆ. PON ಹಸಿರಾಗಿದ್ದು INTERNET ಆರಿದ್ದರೆ ಅಥವಾ ಕೆಂಪಾಗಿದ್ದರೆ ಫೈಬರ್ ಸರಿಯಿದೆ, ಖಾತೆಯ ಲಾಗಿನ್ ಆಗಿಲ್ಲ. ಹಣ ಕಟ್ಟುವ ದಿನ ದಾಟಿರಬಹುದು ಅಥವಾ ಆಪರೇಟರ್‌ನ ಸರ್ವರ್ ಉತ್ತರಿಸುತ್ತಿಲ್ಲ. ಇಷ್ಟೇ ದೀಪಗಳ ಭಾಷೆ. ಬೆಳಕು ಎಷ್ಟು ಬರುತ್ತಿದೆ, ನಿನ್ನೆಗಿಂತ ಎಷ್ಟು ಕಡಿಮೆಯಾಗಿದೆ ಎಂಬುದು ಇದರಲ್ಲಿ ಇಲ್ಲ.

ಬೆಳಕು ಬರುವ ದಾರಿ ಗೊತ್ತಿದ್ದರೆ ಆ ಸಂಖ್ಯೆ ತಾನಾಗಿ ಅರ್ಥವಾಗುತ್ತದೆ. ನಮ್ಮ ಕಡೆ ಮನೆಗಳಿಗೆ ಬಂದಿರುವ ಫೈಬರ್ ಹೆಚ್ಚಾಗಿ ಜಿಪಾನ್ ಎಂಬ ಪದ್ಧತಿಯದು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯಲು ನೆಚ್ಚಿಕೊಂಡದ್ದೂ ಇದೇ ಪದ್ಧತಿಯನ್ನು. ತಾಲ್ಲೂಕು ಕೇಂದ್ರದಲ್ಲೋ ಕೇಬಲ್ ಆಪರೇಟರ್‌ನ ಕೋಣೆಯಲ್ಲೋ ಓಎಲ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಅದರಿಂದ ಹೊರಟ ಒಂದೇ ಎಳೆ ಕಂಬದ ಮೇಲಿನ ಸ್ಪ್ಲಿಟರ್‌ಗಳಲ್ಲಿ ಕವಲೊಡೆದು 32 ಅಥವಾ 64 ಮನೆಗೆ ಹೋಗುತ್ತದೆ. ಕೆರೆಯ ತೂಬಿನಿಂದ ಬಂದ ನೀರು ಕಾಲುವೆ, ಹಿಕ್ಕಲು ಎಂದು ಕವಲಾಗುತ್ತಾ ಕೊನೆಯ ಗದ್ದೆಗೆ ಸಣ್ಣ ಧಾರೆಯಾಗಿ ಮುಟ್ಟುವಂತೆ, ಪ್ರತಿ ಕವಲಿನಲ್ಲೂ ಬೆಳಕು ಪಾಲಾಗುತ್ತದೆ. ಸ್ಪ್ಲಿಟರ್‌ಗೆ ಕರೆಂಟು ಬೇಕಿಲ್ಲ, ಅದು ಬೆಳಕನ್ನು ಹೆಚ್ಚಿಸುವುದೂ ಇಲ್ಲ. ಒಳಗಿರುವುದು ಗಾಜು ಮಾತ್ರ.

ಈ ಬೆಳಕನ್ನು ಅಳೆಯುವುದು ಡಿಬಿಎಂ ಎಂಬ ಮಾಪನದಲ್ಲಿ. ಸೊನ್ನೆ ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಅದಕ್ಕಿಂತ ಕಡಿಮೆಯಾದಂತೆ ಮೈನಸ್ ಚಿಹ್ನೆಯೊಂದಿಗೆ ಸಂಖ್ಯೆ ದೊಡ್ಡದಾಗುತ್ತಾ ಹೋಗುತ್ತದೆ. ನೆನಪಿಡಬೇಕಾದ ಲೆಕ್ಕ ಎರಡೇ: ಮೂರು ಡಿಬಿ ಇಳಿದರೆ ಬೆಳಕು ಅರ್ಧವಾಯಿತು, ಹತ್ತು ಇಳಿದರೆ ಹತ್ತನೆಯ ಒಂದು ಪಾಲಾಯಿತು. ಹಾನಗಲ್ ಪಟ್ಟಣದಿಂದ ಆರೇಳು ಕಿಲೋಮೀಟರ್ ದೂರದ ಒಂದು ಹಳ್ಳಿಯ ಮನೆಗೆ ಲೆಕ್ಕ ಹಾಕಿ ನೋಡಿ. ಓಎಲ್‌ಟಿ ಸುಮಾರು +4ರಲ್ಲಿ ಬೆಳಕು ಬಿಡುತ್ತದೆ. ದಾರಿಯ ಗಾಜು ಕಿಲೋಮೀಟರಿಗೆ ಕಾಲು ಡಿಬಿಯಂತೆ ಒಂದೂ ಮುಕ್ಕಾಲರಷ್ಟು ತಿನ್ನುತ್ತದೆ. ನಾಲ್ಕರ ಸ್ಪ್ಲಿಟರ್ ಏಳು, ಎಂಟರ ಸ್ಪ್ಲಿಟರ್ ಹತ್ತೂವರೆ. ಜಾಯಿಂಟು, ಕನೆಕ್ಟರುಗಳಿಗೆ ಒಂದೆರಡು ಬಿಟ್ಟುಕೊಡಿ. ಮನೆಗೆ ಮುಟ್ಟುವುದು −17ರ ಆಸುಪಾಸು. ದೂರಕ್ಕಿಂತ ಸ್ಪ್ಲಿಟರ್‌ಗೇ ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಗಮನಿಸಬೇಕು. ನಮ್ಮೂರು ದೂರ, ಅದಕ್ಕೇ ಸಿಗ್ನಲ್ ವೀಕು ಎನ್ನುವ ಮಾತು ಇದೇ ಕಾರಣಕ್ಕೆ ಅಷ್ಟಾಗಿ ನಿಲ್ಲುವುದಿಲ್ಲ.

ಬಹುಪಾಲು ಮನೆಗಳಲ್ಲಿರುವ ಬಿ ಪ್ಲಸ್ ದರ್ಜೆಯ ಮೋಡೆಮು −27ರವರೆಗೆ ಓದಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. −8ಕ್ಕಿಂತ ಜಾಸ್ತಿ ಬೆಳಕು ಬಂದರೂ ಅದರ ಕಣ್ಣು ಕುಕ್ಕುತ್ತದೆ. ಆಪರೇಟರ್‌ನ ಕಚೇರಿಗೆ ತೀರ ಹತ್ತಿರವಿದ್ದು ಸ್ಪ್ಲಿಟರ್ ಕಡಿಮೆ ಇರುವ ಮನೆಗಳಲ್ಲಿ ಅಪರೂಪಕ್ಕೆ ಹಾಗಾಗುವುದುಂಟು. −15ರಿಂದ −24ರ ನಡುವೆ ಇದ್ದರೆ ನೆಮ್ಮದಿ. −25 ದಾಟಿತೆಂದರೆ ಅಂಚಿಗೆ ಬಂತು. ಮೋಡೆಮಿನೊಳಗಿನ ಅಳತೆಯಲ್ಲಿ ಒಂದೆರಡು ಡಿಬಿ ಹೆಚ್ಚುಕಡಿಮೆ ಇರುತ್ತದೆ. ಆದ್ದರಿಂದ ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತ ಮೊದಲು ಎಷ್ಟಿತ್ತು ಎಂಬುದೇ ಮುಖ್ಯ. ಸಂಪರ್ಕ ಕೊಟ್ಟ ದಿನದ ಸಂಖ್ಯೆಯನ್ನು ಮೋಡೆಮಿನ ಬೆನ್ನಿನ ಮೇಲೆ ಪೆನ್ನಿನಲ್ಲಿ ಬರೆದಿಡುವ ಲೈನ್‌ಮ್ಯಾನ್‌ಗಳನ್ನು ನೋಡಿದ್ದೇನೆ. ಅವರು ಕೆಲಸ ಬಲ್ಲವರು.

ಸಂಖ್ಯೆ ನೋಡುವ ಬಗೆ ಸುಲಭ. ಮೊಬೈಲಿನ ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲಿ 192.168.1.1 ಎಂದು ಟೈಪ್ ಮಾಡಿದರೆ ಮೋಡೆಮಿನ ಪುಟ ತೆರೆಯುತ್ತದೆ. ಕೆಲವು ಮೋಡೆಮುಗಳಿಗೆ 192.168.100.1. ಸರಿಯಾದ ವಿಳಾಸವೂ ಗುಪ್ತಪದವೂ ಮೋಡೆಮಿನ ಕೆಳಗಿನ ಚೀಟಿಯಲ್ಲೇ ಇರುತ್ತವೆ. ಒಳಗೆ Status ಎಂಬಲ್ಲಿ PON ಅಥವಾ Optical Info ಎಂಬ ಪುಟ, ಅಲ್ಲಿ RX Power ಎಂಬ ಸಾಲು. ಪಕ್ಕದಲ್ಲಿ TX Power ಎಂದು +2, +3ರಂಥ ಸಂಖ್ಯೆ ಇರುತ್ತದೆ. ಅದು ನಿಮ್ಮ ಮೋಡೆಮು ಬಿಡುತ್ತಿರುವ ಬೆಳಕು, ಆ ಕಡೆಗೆ ಎಷ್ಟು ಮುಟ್ಟಿತು ಎಂಬುದಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿಂಬದಿಯ ಸಣ್ಣ ತೂತಿನ ರೀಸೆಟ್ ಗುಂಡಿಯನ್ನು ಒತ್ತಲೇಬೇಡಿ. ಲಾಗಿನ್ ವಿವರ ಅಳಿಸಿಹೋಗಿ, ಇದ್ದ ಇಂಟರ್ನೆಟ್ಟೂ ಹೋಗುತ್ತದೆ, ಆಪರೇಟರ್ ಬಂದು ಮತ್ತೆ ತುಂಬುವವರೆಗೆ ಕಾಯಬೇಕು.

ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು, ಏಕೆಂದರೆ ಎಲ್ಲರೂ ನೆಚ್ಚುವ ಒಂದು ಊಹೆಯನ್ನು ಅದು ಸುಳ್ಳು ಮಾಡಿತು. ಅಳಿಯ ಕಂಪ್ಯೂಟರಿನಲ್ಲಿ ವ್ಯಾಲರಂಟ್ ಆಡುತ್ತಾನೆ. ಅದರ ಸರ್ವರ್ ಮುಂಬೈಯಲ್ಲಿದೆ, ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ದಿನವೂ ಸಂಜೆ ಕತ್ತಲಾಗುವ ಹೊತ್ತಿಗೆ ಪ್ಯಾಕೆಟ್ ಲಾಸ್ ಶುರು, ಬೆಳಗ್ಗೆ ಎದ್ದು ನೋಡಿದರೆ ಇಲ್ಲ. ಸಂಜೆ ಎಲ್ಲರೂ ಮನೆಗೆ ಬಂದು ನೆಟ್ ಬಳಸುತ್ತಾರೆ, ಅದಕ್ಕೆ ಲೋಡ್ ಜಾಸ್ತಿ ಎಂದು ಆಪರೇಟರ್ ಹೇಳಿದ್ದರು. "ಮಾಮಾ, ಲೋಡ್ ಇದ್ರ ಪಿಂಗ್ ಏರಬೇಕಲ್ಲ, ಪಿಂಗ್ ಹಂಗ ಐತಿ" ಎಂದ ಅಳಿಯ. ಅವನ ಮಾತಿನಲ್ಲಿ ಹುರುಳಿತ್ತು. ಸಾಲು ಕಟ್ಟಿ ಕಾದ ಪ್ಯಾಕೆಟ್ಟು ಬಿದ್ದುಹೋಗುವ ಮೊದಲು ತಡವಾಗುತ್ತದೆ. ತಡವೇ ಆಗದೆ ಬೀಳುತ್ತಿದ್ದರೆ ಕಾರಣ ಬೇರೆ ಇರುವ ಸಂಭವ ಹೆಚ್ಚು.

ಮೊದಲು ವೈಫೈಯನ್ನು ಲೆಕ್ಕದಿಂದ ತೆಗೆಯಬೇಕಿತ್ತು. ಕಂಪ್ಯೂಟರನ್ನು ಲ್ಯಾನ್ ಕೇಬಲಿನಿಂದ ಮೋಡೆಮಿಗೆ ಸೇರಿಸಿ, ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಕೊಟ್ಟೆವು:

```
ping -n 200 192.168.1.1
tracert -d 1.1.1.1
ping -n 200 -l 32 100.64.0.1
ping -n 200 -l 1400 100.64.0.1
```

ಮೊದಲನೆಯ ಸಾಲು ಮೋಡೆಮಿನವರೆಗಿನ ಪರೀಕ್ಷೆ. ಅಲ್ಲೇ ಬಿದ್ದರೆ ಫೈಬರಿನ ತಪ್ಪಲ್ಲ. ಎರಡನೆಯದರ ಉತ್ತರದಲ್ಲಿ ಮೋಡೆಮಿನ ನಂತರ ಬರುವ ವಿಳಾಸ ಆಪರೇಟರ್‌ನ ಮೊದಲ ಮೆಟ್ಟಿಲು. ಕೊನೆಯ ಎರಡು ಸಾಲಿನಲ್ಲಿ ನಾನು ಬರೆದ ವಿಳಾಸದ ಬದಲು ನಿಮಗೆ ಸಿಕ್ಕಿದ್ದನ್ನು ಹಾಕಬೇಕು. ಕೆಲವು ಆಪರೇಟರುಗಳ ಮೊದಲ ಮೆಟ್ಟಿಲು ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಆಗ 1.1.1.1ಕ್ಕೇ ಕೊಟ್ಟು ನೋಡಬಹುದು.

ಕೊನೆಯ ಎರಡರ ನಡುವಿನ ಅಂತರ ಇಡೀ ಪರೀಕ್ಷೆಯ ತಿರುಳು. ಬೆಳಕು ಮಂದವಾದಾಗ ಮೋಡೆಮು ಅಲ್ಲೊಂದು ಇಲ್ಲೊಂದು ಬಿಟ್ಟನ್ನು ತಪ್ಪಾಗಿ ಓದುತ್ತದೆ. ಒಂದು ಬಿಟ್ಟು ತಪ್ಪಿದರೂ ಇಡೀ ಪ್ಯಾಕೆಟ್ಟು ಕಸಕ್ಕೆ. ದೊಡ್ಡ ಪ್ಯಾಕೆಟ್ಟಿನಲ್ಲಿ ಬಿಟ್ಟುಗಳು ಹೆಚ್ಚು, ಹಾಗಾಗಿ ಅದು ಕೆಡುವ ಸಂಭವವೂ ಅಷ್ಟೇ ಹೆಚ್ಚು. ಅಕ್ಕನ ಮನೆಯಲ್ಲಿ ಸಂಜೆ 1400 ಬೈಟಿನವು ನೂರಕ್ಕೆ ನಾಲ್ಕೈದು ಬೀಳುತ್ತಿದ್ದವು, 32 ಬೈಟಿನವು ಹೆಚ್ಚುಕಡಿಮೆ ಎಲ್ಲವೂ ಮರಳಿ ಬರುತ್ತಿದ್ದವು. ಆಟದ ಪ್ಯಾಕೆಟ್ಟುಗಳು ಇವೆರಡರ ನಡುವಿನ ಗಾತ್ರದವು, ನೂರಕ್ಕೆ ಒಂದು ಬಿದ್ದರೂ ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಬರುವಾಗ ಪ್ರತಿ ಸೆಕೆಂಡೂ ಒಂದು ಹೋದಂತೆ. ಯೂಟ್ಯೂಬ್ ಬಿದ್ದದ್ದನ್ನು ಮತ್ತೆ ತರಿಸಿಕೊಳ್ಳುತ್ತದೆ, ಮುಂದಿನ ಅರ್ಧ ನಿಮಿಷದ ಚಿತ್ರವನ್ನು ಮೊದಲೇ ಕೂಡಿಟ್ಟಿರುತ್ತದೆ. ಆಟಕ್ಕೆ ಮತ್ತೆ ತರಿಸಿಕೊಳ್ಳುವಷ್ಟು ಪುರಸೊತ್ತಿಲ್ಲ. ಹೋದದ್ದು ಹೋಯಿತು ಎಂದು ಮುಂದೆ ಹೋಗುತ್ತದೆ.

RX ಪುಟ ತೆರೆದರೆ −27.1. PON ಅಲುಗಾಡದ ಹಸಿರು, LOS ಆರಿದೆ. ಮೋಡೆಮಿನ ಬೆನ್ನಿನ ಮೇಲೆ ಲೈನ್‌ಮ್ಯಾನ್ ಬರೆದಿದ್ದ ಸಂಖ್ಯೆ 19.6. ಏಳೂವರೆ ಡಿಬಿ ಹೋಗಿದೆ, ಅಂದರೆ ಬರಬೇಕಾದ ಬೆಳಕು ಐದೂವರೆ ಪಟ್ಟು ಕಡಿಮೆಯಾಗಿದೆ. ಪಕ್ಕದ ಮನೆಗೂ ಅದೇ ಕಂಬದ ಅದೇ ಪೆಟ್ಟಿಗೆಯಿಂದ ಫೈಬರ್ ಹೋಗಿತ್ತು. ಅವರ ಮೋಡೆಮಿನಲ್ಲಿ −19.8. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಇಬ್ಬರದೂ ಒಟ್ಟಿಗೆ ಇಳಿದಿದ್ದರೆ ತೊಂದರೆ ಸ್ಪ್ಲಿಟರ್‌ಗಿಂತ ಹಿಂದೆ, ರಸ್ತೆಯ ಉದ್ದಕ್ಕೂ ಎಲ್ಲಾದರೂ ಇರಬೇಕಿತ್ತು, ಹುಡುಕುವುದು ಆಪರೇಟರ್‌ನ ಕೆಲಸ. ಒಂದೇ ಮನೆಯದು ಇಳಿದಿದೆ ಎಂದರೆ ಕಂಬದ ಪೆಟ್ಟಿಗೆಯಿಂದ ಮೋಡೆಮಿನವರೆಗಿನ ನೂರಿನ್ನೂರು ಅಡಿಯ ತೆಳ್ಳನೆಯ ಡ್ರಾಪ್ ಕೇಬಲಿನಲ್ಲೇ ಇದೆ. ಹಳ್ಳಿಯಲ್ಲಿ ಪಕ್ಕದ ಮನೆಯ ಮೋಡೆಮು ನೋಡಿ ಬರುವುದು ಐದು ನಿಮಿಷದ ಕೆಲಸ. ಕಾಲ್ ಸೆಂಟರಿನವರು ಇಷ್ಟು ಸರಳ ಪರೀಕ್ಷೆಯನ್ನು ಗ್ರಾಹಕರಿಗೆ ಹೇಳದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕೇಬಲಿನ ಬೆನ್ನು ಹತ್ತಿ ಹೋದೆವು. ಕಂಬದಿಂದ ತೆಂಗಿನ ಮರ, ಅಲ್ಲಿಂದ ಹಂಚಿನ ಅಂಚು, ಅಲ್ಲಿಂದ ಪಡಸಾಲೆಯ ಕಿಟಕಿ. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ತಾಗಿ ಜೋತುಬಿದ್ದಿದ್ದ ಕೇಬಲನ್ನು ಯಾರೋ ಎಳೆದು ಬಿಗಿಯಾಗಿ ಕಟ್ಟಿದ್ದರು. ಹಾಗೆ ಕಟ್ಟಿದ ಮೇಲೆ ಮೊದಲು ಕಿಟಕಿಯ ಮೂಲೆಯಲ್ಲಿ ಸಡಿಲವಾಗಿ ಒಳಬರುತ್ತಿದ್ದ ಅದು ಚೌಕಟ್ಟಿಗೆ ಅಂಟಿಕೊಂಡಿತ್ತು. ಸಂಜೆಯಾದೊಡನೆ ಸೊಳ್ಳೆಗೆಂದು ಅಕ್ಕ ಕಿಟಕಿ ಹಾಕುತ್ತಾಳೆ. ಮರದ ಬಾಗಿಲು ಚೌಕಟ್ಟಿಗೆ ಕೂತಾಗ ಕೇಬಲು ನಡುವೆ ಸಿಕ್ಕಿ ಮುರಿದಂತೆ ಮಡಚುತ್ತಿತ್ತು. ಕಿಟಕಿ ತೆರೆದು RX ಪುಟ ಮತ್ತೆ ತೆರೆದೆವು: −20.3. ಹಾಕಿದರೆ ಮತ್ತೆ −27. ಬೆಳಗ್ಗೆ ಕಿಟಕಿ ತೆಗೆಯುವುದರಿಂದ ಬೆಳಗ್ಗೆ ಎಲ್ಲ ಸರಿ! ಊರಿನವರು ನೆಟ್ ಬಳಸುವ ಹೊತ್ತೂ ಸೊಳ್ಳೆ ಬರುವ ಹೊತ್ತೂ ಒಂದೇ ಆದ್ದರಿಂದ ಆಪರೇಟರ್‌ನ ಊಹೆ ಮೇಲ್ನೋಟಕ್ಕೆ ಸರಿಯಾಗಿಯೇ ಕಂಡಿತ್ತು. ಎಷ್ಟು ಜನ ನೆಟ್ ಬಳಸಿದರೂ ಬೆಳಕಿನ ಮಟ್ಟ ಬದಲಾಗುವುದಿಲ್ಲ. ಹಗಲಿನ RX ಮತ್ತು ಸಂಜೆಯ RX ಎರಡನ್ನೂ ಬರೆದಿಟ್ಟುಕೊಂಡವರಿಗೆ ಈ ಗೊಂದಲ ಬರಲಾರದು.

ಮಡಿಕೆ ಬೆಳಕನ್ನು ತಿನ್ನುವ ರೀತಿಗೆ ಒಂದು ವಿಶೇಷವಿದೆ. ಒಂದೇ ಎಳೆಯಲ್ಲಿ ಕೆಳಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಮೇಲಕ್ಕೆ ಹೋಗುವುದು 1310ರದ್ದು. ಕೇಬಲ್ ಟಿವಿಯನ್ನೂ ಅದೇ ಎಳೆಯಲ್ಲಿ ಕೊಟ್ಟಿದ್ದರೆ ಅದು 1550ರದ್ದು. ತರಂಗ ಉದ್ದವಾದಷ್ಟೂ ಮಡಿಕೆಯಲ್ಲಿ ಹೆಚ್ಚು ಸೋರುತ್ತದೆ. ಹಾಗಾಗಿ ಫೈಬರಿನಲ್ಲೇ ಟಿವಿ ಬರುವ ಮನೆಯಲ್ಲಿ ಚಾನೆಲ್ಲುಗಳು ಮೊದಲು ಕೆಟ್ಟು ಆಮೇಲೆ ಆಟ ಕೆಟ್ಟರೆ ಮಡಿಕೆಯ ಅನುಮಾನ ಬಲವಾಗುತ್ತದೆ. ಕನೆಕ್ಟರಿನ ಕೊಳೆಯಾದರೆ ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಸಮನಾಗಿ ತಿನ್ನುತ್ತದೆ. ಮೇಲಕ್ಕೆ ಹೋದ ಬೆಳಕು ಎಷ್ಟು ಮುಟ್ಟಿತು ಎಂಬುದು ಓಎಲ್‌ಟಿಗೆ ಮಾತ್ರ ಗೊತ್ತು, ಆಪರೇಟರ್ ತನ್ನ ಪರದೆಯಲ್ಲಿ ಅದನ್ನು ನೋಡಬಲ್ಲ. "ನಮ್ಮ ಮೋಡೆಮಿಂದು ನಿಮ್ಮ ಓಎಲ್‌ಟಿದಾಗ ಎಷ್ಟು ಬರಾಕತ್ತೈತಿ ನೋಡಿ ಹೇಳ್ರಿ" ಎಂದು ಕೇಳುವ ಹಕ್ಕು ನಿಮಗಿದೆ. ಈ ಒಂದು ಪ್ರಶ್ನೆಗೆ ಮಾತಿನ ಧಾಟಿಯೇ ಬದಲಾಗುವುದನ್ನು ಕಂಡಿದ್ದೇನೆ.

ಕನೆಕ್ಟರಿನ ಮಾತು ಬಂತಲ್ಲ. ಮೋಡೆಮಿಗೆ ಸಿಕ್ಕಿಸಿರುವುದು ಸಾಮಾನ್ಯವಾಗಿ ಹಸಿರು ಬಣ್ಣದ ಕನೆಕ್ಟರು. ಅದರ ಗಾಜಿನ ತುದಿಯನ್ನು ಎಂಟು ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿ ಬಣ್ಣದ್ದು ನೇರ ತುದಿಯದು. ಕೈಗೆ ಸಿಕ್ಕಿದ್ದನ್ನು ಹಾಕಿ ಹಸಿರಿಗೆ ನೀಲಿ ಜೋಡಿಸಿದರೆ ನಡುವೆ ಸಂದಿ ಉಳಿದು ಹಲವು ಡಿಬಿ ಅಲ್ಲೇ ಹೋಗುತ್ತದೆ, ದೀಪ ಮಾತ್ರ ಹಸಿರೇ ಇರುತ್ತದೆ. ಜಾಯಿಂಟ್ ಹೊಡೆಯದೆ ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರುಗಳೂ ನಮ್ಮ ಕಡೆ ಬಹಳ. ಒಳಗಿನ ಎಳೆ ಸ್ವಲ್ಪ ಸರಿದರೂ ಮಟ್ಟ ಬಿಸಿಲಿಗೊಂದು, ರಾತ್ರಿಯ ತಂಪಿಗೊಂದು ಆಗತೊಡಗುತ್ತದೆ. ಹೀಗೆ ಅತ್ತಿತ್ತ ಓಲಾಡುವ ಸಂಖ್ಯೆ ಕಂಡರೆ ಮೊದಲು ಆ ತುದಿಯನ್ನೇ ಬದಲಿಸಲು ಹೇಳಿ. ಕನೆಕ್ಟರನ್ನು ನೀವೇ ಬಿಚ್ಚಿ ಬೆರಳಿನಿಂದ ಒರೆಸುವುದು, ಬಾಯಿಂದ ಊದುವುದು ಬೇಡ, ಬೆವರಿನ ಒಂದು ಕಲೆ ಸಾಕು ಕೆಡಿಸಲು. ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಕೂಡದು. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ. ಲೈನ್‌ಮ್ಯಾನ್ ಬಳಿ ಕೆಂಪು ಲೇಸರಿನ ಪೆನ್ನು ಇರುತ್ತದೆ. ಅದರ ಬೆಳಕನ್ನು ಎಳೆಯೊಳಗೆ ಬಿಟ್ಟರೆ ಮುರಿದ, ಮಡಚಿದ ಜಾಗದಲ್ಲಿ ಕೇಬಲಿನ ಮೈಯಿಂದಲೇ ಕೆಂಪು ಸೋರಿ ಕಾಣುತ್ತದೆ, ಹೊದಿಕೆ ದಪ್ಪ ಕಪ್ಪಗಿದ್ದರೆ ಮಾತ್ರ ಕಾಣದು.

ಪ್ಯಾಕೆಟ್ ಲಾಸಿನ ಎಲ್ಲ ಪಾಪವನ್ನೂ ಫೈಬರಿನ ತಲೆಗೆ ಕಟ್ಟುವಂತಿಲ್ಲ. RX ಎಂದಿನಂತೆ −19ರಲ್ಲೇ ನಿಂತಿದ್ದು, ದೊಡ್ಡ ಪಿಂಗೂ ಸಣ್ಣ ಪಿಂಗೂ ಸಮನಾಗಿ ಬೀಳುತ್ತಿದ್ದು, ಜೊತೆಗೆ ಪಿಂಗಿನ ಸಮಯವೂ ಏರುತ್ತಿದ್ದರೆ ಅದು ದಟ್ಟಣೆಯೇ. ಮನೆಯಲ್ಲಿ ಯಾರೋ ಮದುವೆಯ ವಿಡಿಯೊ ಅಪ್‌ಲೋಡ್ ಮಾಡುತ್ತಿರಬಹುದು, ಅಥವಾ ಆಪರೇಟರ್ ಊರಿನಿಂದ ಹೊರಕ್ಕೆ ಕೊಂಡ ಸಾಮರ್ಥ್ಯ ಸಾಲದೆ ಹೋಗಿರಬಹುದು. ಸವಣೂರಿನ ಹಳೆಯ ಮನೆಗಳ ದಪ್ಪ ಗೋಡೆಗಳ ಆಚೆ ಮೊಬೈಲಿನಲ್ಲಿ ಬಿಜಿಎಂಐ ಆಡುವವರಿಗೆ ಹೆಚ್ಚಿನ ಸಲ ವೈಫೈಯೇ ಕಾರಣ, ಮೋಡೆಮಿನ ಪಕ್ಕ ಕೂತು ಆಡಿದರೆ ಗೊತ್ತಾಗಿಬಿಡುತ್ತದೆ. tracert ಉತ್ತರದ ನಡುವಿನ ಒಂದು ಮೆಟ್ಟಿಲಲ್ಲಿ ನಕ್ಷತ್ರ ಕಂಡು ಮುಂದಿನವೆಲ್ಲ ಸರಿಯಿದ್ದರೆ ಅದು ದೋಷವಲ್ಲ, ಆ ಯಂತ್ರ ಉತ್ತರ ಕೊಡುವುದಿಲ್ಲ ಅಷ್ಟೇ. ಇನ್ನೊಂದು ಅಪರೂಪದ ಪ್ರಕರಣವೂ ಇದೆ. ಅದೇ ಸ್ಪ್ಲಿಟರಿನ ಇನ್ಯಾರದೋ ಮನೆಯ ಕೆಟ್ಟ ಮೋಡೆಮು ತನ್ನ ಸರದಿ ಅಲ್ಲದಾಗಲೂ ಬೆಳಕು ಬಿಡತೊಡಗಿದರೆ ಉಳಿದವರ ಮಾತು ಓಎಲ್‌ಟಿಗೆ ಕೇಳಿಸುವುದಿಲ್ಲ. ನಿಮ್ಮ RX ಆಗ ಒಂದಿಷ್ಟೂ ಬದಲಾಗದು, ನೆರೆಯವರೆಲ್ಲರಿಗೂ ಒಟ್ಟಿಗೆ ಕಡಿತವಾಗುತ್ತಿರುತ್ತದೆ. ಆಪರೇಟರ್ ಬಹಳ ಸಲ ಒಂದೊಂದೇ ಮನೆಯ ಎಳೆ ಬಿಚ್ಚಿ ಹುಡುಕಬೇಕಾಗುತ್ತದೆ.

ಆಟ ಕೆಲವು ಸೆಕೆಂಡು ಪೂರ್ತಿ ನಿಂತು "ರೀಕನೆಕ್ಟಿಂಗ್" ಎಂದು ಬರುವುದು ಬೇರೆಯದೇ ಲಕ್ಷಣ. ಅದು ಬಹಳ ಸಲ ಒಂದೆರಡು ಪ್ಯಾಕೆಟ್ಟು ಬಿದ್ದದ್ದಲ್ಲ, ಮೋಡೆಮು ನೋಂದಣಿಯಿಂದಲೇ ಕಳಚಿ ಮತ್ತೆ ಸೇರಿಕೊಂಡದ್ದು. ನೀವು ಮೋಡೆಮಿನ ಕಡೆ ತಿರುಗುವಷ್ಟರಲ್ಲಿ ಕೆಂಪು ಆರಿ ಹಸಿರು ಬಂದಿರುತ್ತದೆ. ಮೋಡೆಮಿನ ಪುಟದ System Log ಎಂಬಲ್ಲಿ LOS ಎಂಬ ಸಾಲು ಸಮಯದೊಂದಿಗೆ ದಾಖಲಾಗಿರುತ್ತದೆ. ಶಿಗ್ಗಾಂವಿಯಂಥ ಹೆದ್ದಾರಿ ಪಕ್ಕದ ಊರುಗಳಲ್ಲಿ ರಸ್ತೆ, ನೀರಿನ ಪೈಪು ಎಂದು ಅಗೆತ ನಡೆದಾಗ, ಹಿರೇಕೆರೂರಿನ ಕಡೆ ಗಾಳಿ ಮಳೆಗೆ ಕೇಬಲು ಜೋಲಿ ಹೊಡೆದಾಗ ಇಂಥ ಸಾಲುಗಳು ಗುಂಪುಗುಂಪಾಗಿ ಸಿಗುತ್ತವೆ. ಮೋಡೆಮು ಆಫ್ ಮಾಡಿದರೆ ಬಹುತೇಕ ಮೋಡೆಮುಗಳಲ್ಲಿ ಈ ದಾಖಲೆ ಅಳಿಸಿಹೋಗುತ್ತದೆ. ಆಫ್ ಮಾಡಿ ಆನ್ ಮಾಡಿ ಎಂಬ ಸಲಹೆ ಪಾಲಿಸುವ ಮೊದಲು ಆ ಪುಟದ ಒಂದು ಫೋಟೊ ತೆಗೆದಿಡಿ.

ದುರಸ್ತಿಗೆ ಬಂದವರು ಹೊರಡುವ ಮುಂಚೆ ಮಾಡಿಸಿಕೊಳ್ಳಬೇಕಾದ ಕೆಲಸವೊಂದಿದೆ. ಅವರ ಪವರ್ ಮೀಟರನ್ನು 1490ಕ್ಕೆ ಇಟ್ಟು ಕಂಬದ ಪೆಟ್ಟಿಗೆಯಲ್ಲೊಮ್ಮೆ, ಮೋಡೆಮಿಗೆ ಹಾಕುವ ತುದಿಯಲ್ಲೊಮ್ಮೆ ಅಳೆಯಿಸಿ. ಟಿವಿಯೂ ಅದೇ ಎಳೆಯಲ್ಲಿದ್ದರೆ 1550ರ ಬಲವಾದ ಬೆಳಕು ಸೇರಿ ಮೀಟರು ಸುಳ್ಳು ಸಂಖ್ಯೆ ತೋರಿಸುವುದರಿಂದ ತರಂಗ ಬೇರ್ಪಡಿಸುವ ಪಾನ್ ಮೀಟರೇ ಬೇಕು. ಎರಡರ ನಡುವೆ ಒಂದು ಡಿಬಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡ್ರಾಪ್ ಕೇಬಲಿನಲ್ಲಿ ಇನ್ನೂ ಏನೋ ಉಳಿದಿದೆ. ಅಕ್ಕನ ಮನೆಯಲ್ಲಿ ಕಿಟಕಿಯ ಪಕ್ಕದ ಗೋಡೆಗೆ ತೂತು ಕೊರೆದು, ಸಣ್ಣ ಪೈಪಿನೊಳಗಿಂದ ಕೇಬಲನ್ನು ಅಗಲವಾದ ಸುತ್ತಿನಲ್ಲಿ ಒಳತಂದು, ಮಡಚಿ ಬಿಳುಚಿದ್ದ ಒಂದು ಮೊಳ ಕತ್ತರಿಸಿ ಹೊಸ ಜಾಯಿಂಟ್ ಹೊಡೆದರು. ಕಿಟಕಿ ಹಾಕಿದ ಮೇಲೆ ನೋಡಿದಾಗ RX −19.7 ಇತ್ತು. ಅಳಿಯ ಅದನ್ನು ಹಳೆಯ ಸಂಖ್ಯೆಯ ಕೆಳಗೆ ತಾರೀಕಿನೊಂದಿಗೆ ಬರೆದ.